ಬಿಸಿಲನ್ನು ಹೀರುವ, ಬಿಸಿಯನ್ನು ಬಿಡದ ಕರಿಲೇಪ

ಕಪ್ಪು ವಸ್ತು ಬಿಸಿಲನ್ನು ಹೀರಿಕೊಂಡು ಬೇಗ ಕಾಯುತ್ತದೆಂಬುದನ್ನು ಎಲ್ಲರೂ ಬಲ್ಲರು. ಅದೇ ಕಪ್ಪು ವಸ್ತು, ಒಮ್ಮೆ ಕಾದ ಮೇಲೆ, ತನ್ನ ಬಿಸಿಯನ್ನು ಅಷ್ಟೇ ಧಾರಾಳವಾಗಿ ಹೊರಕ್ಕೆ ಚೆಲ್ಲುತ್ತದೆಂಬುದು ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬಂದಿರುವುದಿಲ್ಲ. ಹೈದರಾಬಾದಿನ ತಾರಸಿಗಳ ಮೇಲೆ ಕಾಣುವ ಸೋಲಾರ್ ಹೀಟರುಗಳ ಹಲಗೆಗಳೂ ನಳಿಗೆಗಳೂ ಕಪ್ಪಾಗಿಯೇ ಇವೆ. ಆದರೆ ಅವುಗಳಲ್ಲಿ ಒಳ್ಳೆಯವುಗಳ ಕಪ್ಪು, ಡಬ್ಬಿಯಿಂದ ಬಳಿದ ಬಣ್ಣದ ಕಪ್ಪಲ್ಲ. ಅದು ಬಿಸಿಲನ್ನು ಹೀರುತ್ತದೆ, ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ಒಂದೇ ಮೈಗೆ ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ಗುಣಗಳು ಹೇಗೆ ಬಂದವು?

ವಸ್ತುವಿನ ಮೇಲೆ ಬಿದ್ದ ವಿಕಿರಣದಲ್ಲಿ ಎಷ್ಟು ಪಾಲನ್ನು ಅದು ಹೀರುತ್ತದೆಂಬುದಕ್ಕೆ ಶೋಷಕತೆಯೆಂದು ಹೆಸರು. ನೂರರಲ್ಲಿ 95 ಪಾಲನ್ನು ಹೀರಿದರೆ ಶೋಷಕತೆ 0.95. ಅದೇ ರೀತಿ, ಕಾದ ವಸ್ತುವು ಆ ಉಷ್ಣತೆಯಲ್ಲಿ ಪರಿಪೂರ್ಣ ಕಪ್ಪು ಕಾಯವೊಂದು ಸೂಸಬಹುದಾದುದರಲ್ಲಿ ಎಷ್ಟು ಪಾಲನ್ನು ಸೂಸುತ್ತದೆಂಬುದು ಉತ್ಸರ್ಜಕತೆ. ಕಲಬುರ್ಗಿ, ರಾಯಚೂರು, ಬೀದರಗಳ ಹಳೆಯ ಮನೆಗಳಲ್ಲಿ ಬಚ್ಚಲೊಲೆಯ ತಾಮ್ರದ ಹಂಡೆಯನ್ನು ಕಂಡವರಿಗೆ ಇದು ಹೊಸದೇನೂ ಅಲ್ಲ. ಮಸಿ ಹಿಡಿದ ಹಂಡೆ ಎರಡು ಗುಣಗಳಲ್ಲಿಯೂ ಮುಂದು. ಹುಣಸೆಹಣ್ಣು ಹಾಕಿ ಬೆಳಗಿದ ಹಂಡೆ ಎರಡರಲ್ಲಿಯೂ ಹಿಂದು. ಬೆಳಗಿದ ತಂಬಿಗೆಯಲ್ಲಿಟ್ಟ ನೀರು ಮಸಿಯ ತಂಬಿಗೆಯ ನೀರಿಗಿಂತ ನಿಧಾನವಾಗಿ ಆರುವುದಕ್ಕೆ ಇದೂ ಒಂದು ಕಾರಣ.

ಈ ಎರಡು ಗುಣಗಳು ಜೊತೆಜೊತೆಯಾಗಿಯೇ ಇರುತ್ತವೆಂಬುದನ್ನು ಜರ್ಮನಿಯ ಗುಸ್ತಾವ್ ಕಿರ್ಖಾಫ್ 1859ರಲ್ಲಿ ನಿಯಮವಾಗಿಯೇ ನಿರೂಪಿಸಿದನು. ಒಳ್ಳೆಯ ಶೋಷಕವು ಒಳ್ಳೆಯ ಉತ್ಸರ್ಜಕವೂ ಆಗಿರಲೇಬೇಕು. ಹಾಗಾದರೆ ಸೋಲಾರ್ ಹೀಟರಿನ ಕರಿಲೇಪವು ಈ ನಿಯಮವನ್ನು ಮೀರಿತೆ? ಇಲ್ಲ. ಒಂದು ತರಂಗದೂರದಲ್ಲಿ ಎಷ್ಟು ಶೋಷಕತೆಯೋ ಅದೇ ತರಂಗದೂರದಲ್ಲಿ ಅಷ್ಟೇ ಉತ್ಸರ್ಜಕತೆ ಎಂದಷ್ಟೇ ಆ ನಿಯಮದ ನಿಜವಾದ ಅರ್ಥ. ಬೇರೆ ಬೇರೆ ತರಂಗದೂರಗಳಲ್ಲಿ ವಸ್ತು ಬೇರೆ ಬೇರೆಯಾಗಿ ನಡೆದುಕೊಂಡರೆ ನಿಯಮದ ಅಡ್ಡಿಯಿಲ್ಲ. ಉಪಾಯವೆಲ್ಲ ಇರುವುದು ಈ ಸಂದಿನಲ್ಲಿಯೇ.

ಸೂರ್ಯನ ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅಷ್ಟು ಕಾದ ಕಾಯದಿಂದ ಹೊರಡುವ ಶಕ್ತಿ ಗಿಡ್ಡ ಅಲೆಗಳ ರೂಪದಲ್ಲಿರುತ್ತದೆ. ಭೂಮಿಗೆ ಮುಟ್ಟುವ ಬಿಸಿಲಿನ ಬಹುಪಾಲು 0.3ರಿಂದ 2.5 ಮೈಕ್ರಾನುಗಳ ನಡುವೆ ಅಡಗಿದೆ; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಆದರೆ 70 ಡಿಗ್ರಿಗೆ ಕಾದ ತಗಡು ಸೂಸುವುದು ಉದ್ದನೆಯ ಅವಕೆಂಪು ಅಲೆಗಳನ್ನು. ಅವುಗಳ ಬಲ ಹೆಚ್ಚಾಗಿರುವುದು ಸುಮಾರು 8 ಮೈಕ್ರಾನಿನ ಆಸುಪಾಸಿನಲ್ಲಿ. 3 ಮೈಕ್ರಾನಿಗಿಂತ ಕೆಳಗೆ ಸಾವಿರದಲ್ಲಿ ಒಂದಂಶವೂ ಇರುವುದಿಲ್ಲ. ಬರುವ ಶಕ್ತಿ ಒಂದು ಬಾಗಿಲಿನಿಂದ, ಹೋಗುವ ಶಕ್ತಿ ಇನ್ನೊಂದು ಬಾಗಿಲಿನಿಂದ. ಮೊದಲನೆಯದನ್ನು ತೆರೆದಿಟ್ಟು ಎರಡನೆಯದನ್ನು ಮುಚ್ಚಿದರೆ ಕೆಲಸ ಮುಗಿಯಿತು. ಈ ತತ್ತ್ವದ ಮೇಲೆ ಸೌರ ಶೋಷಕಗಳನ್ನು ರೂಪಿಸಬಹುದೆಂಬುದನ್ನು ಇಸ್ರೇಲಿನ ಹ್ಯಾರಿ ಟೇಬರ್ 1955ರಲ್ಲಿ ಅಮೆರಿಕದ ಅರಿಜೋನಾದಲ್ಲಿ ನಡೆದ ಸೌರಶಕ್ತಿ ಸಮ್ಮೇಳನದಲ್ಲಿ ಮಂಡಿಸಿದನು.

ಅಂಥ ಮೈಯನ್ನು ಮಾಡುವ ಬಗೆ ಹೀಗೆ. ತಾಮ್ರ, ಅಲ್ಯೂಮಿನಿಯಂ ಇಲ್ಲವೆ ತುಕ್ಕು ಹಿಡಿಯದ ಉಕ್ಕಿನ ನಯವಾದ ಮೈ ಅವಕೆಂಪು ಅಲೆಗಳಿಗೆ ಕನ್ನಡಿಯಿದ್ದಂತೆ. ಅದು ಅವನ್ನು ಹೀರದು, ಆದುದರಿಂದ ಸೂಸದು. ಅದರ ಮೇಲೆ ಒಂದು ಮೈಕ್ರಾನಿಗಿಂತಲೂ ತೆಳ್ಳಗಿರುವ ಕಪ್ಪು ಪದರವನ್ನು ಕೂಡಿಸುತ್ತಾರೆ. ಬಹುಕಾಲದಿಂದ ಬಳಕೆಯಲ್ಲಿರುವ ಕರಿ ಕ್ರೋಮಿಯಂ ಲೇಪದಲ್ಲಿ ಈ ಪದರವೆಂದರೆ ಕ್ರೋಮಿಯಂ ಆಕ್ಸೈಡಿನೊಳಗೆ ಹುದುಗಿರುವ ಅತಿ ಸೂಕ್ಷ್ಮವಾದ ಕ್ರೋಮಿಯಂ ಲೋಹದ ಕಣಗಳು. ಗಿಡ್ಡ ಅಲೆಯ ಬಿಸಿಲು ಈ ಕಣಗಳ ನಡುವೆ ಸಿಕ್ಕಿ ಶಾಖವಾಗಿ ಮಾರ್ಪಡುತ್ತದೆ. ಪದರದ ದಪ್ಪಕ್ಕಿಂತ ಹತ್ತಾರು ಪಟ್ಟು ಉದ್ದವಾದ ಅವಕೆಂಪು ಅಲೆಗೆ ಆ ಪದರ ಇಲ್ಲದಂತೆಯೇ. ಅದಕ್ಕೆ ಕಾಣುವುದು ಕೆಳಗಿನ ಹೊಳೆಯುವ ಲೋಹವೊಂದೇ. ಹೀಗೆ ಕಣ್ಣಿಗೆ ಮಸಿಯ ಹಂಡೆಯಾಗಿ ತೋರುವ ಮೈ, ಶಾಖದ ಅಲೆಗಳ ಪಾಲಿಗೆ ಬೆಳಗಿದ ಹಂಡೆಯಾಗಿ ಉಳಿಯುತ್ತದೆ.

ಇಲ್ಲಿ ದಪ್ಪದ ಹದವೇ ಮುಖ್ಯ. ಪದರವು ತೀರ ತೆಳುವಾದರೆ ಬಿಸಿಲಿನ ಒಂದು ಪಾಲು ಲೋಹಕ್ಕೆ ತಾಗಿ ಹಿಂದಿರುಗುತ್ತದೆ. ದಪ್ಪವಾದರೆ ಉದ್ದ ಅಲೆಗಳನ್ನೂ ಹೀರತೊಡಗಿ, ಅವನ್ನು ಸೂಸತೊಡಗುತ್ತದೆ. ಸಾಮಾನ್ಯ ಕಪ್ಪು ಬಣ್ಣದ ದೋಷವೂ ಇದೇ. ಅದರ ಪದರ ಹತ್ತಾರು ಮೈಕ್ರಾನ್ ದಪ್ಪ. ಅದರೊಳಗಿನ ರಾಳವು ಅವಕೆಂಪು ಅಲೆಗಳನ್ನು ಚೆನ್ನಾಗಿ ಹೀರುವಂಥದು. ಆದುದರಿಂದ ಅದರ ಶೋಷಕತೆ 0.95 ಆದರೆ ಉತ್ಸರ್ಜಕತೆಯೂ ಹೆಚ್ಚುಕಡಮೆ ಅಷ್ಟೇ.

ಈ ವ್ಯತ್ಯಾಸದ ಬೆಲೆಯೇನೆಂಬುದನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು. ಹೈದರಾಬಾದಿನ ಚಳಿಗಾಲದ ಒಂದು ನಿರ್ಮಲ ದಿನ, ಹಲಗೆಯ ಪ್ರತಿ ಚದರ ಮೀಟರಿನ ಮೇಲೆ 800 ವ್ಯಾಟ್ ಬಿಸಿಲು ಬೀಳುತ್ತಿದೆಯೆನ್ನೋಣ. ಮೇಲಿನ ಗಾಜನ್ನು ದಾಟಿ ಒಳಕ್ಕೆ ಬರುವುದು ಸುಮಾರು 720 ವ್ಯಾಟ್. ಬಣ್ಣ ಬಳಿದ ತಗಡು ಇದರಲ್ಲಿ 684 ವ್ಯಾಟನ್ನು ಹೀರುತ್ತದೆ, 0.93 ಶೋಷಕತೆಯುಳ್ಳ ವಿಶೇಷ ಲೇಪ ಹೀರುವುದು 670 ಮಾತ್ರ. ಇಲ್ಲಿ ಬಣ್ಣವೇ ಗೆದ್ದಂತೆ ಕಾಣುತ್ತದೆ. ಆದರೆ ತಗಡು 70 ಡಿಗ್ರಿ, ಗಾಜು 30 ಡಿಗ್ರಿ ಇರುವಾಗ ಬಣ್ಣದ ತಗಡಿನಿಂದ ಗಾಜಿಗೆ ವಿಕಿರಣದ ಮೂಲಕವೇ ಸುಮಾರು 258 ವ್ಯಾಟ್ ಸೋರಿಹೋಗುತ್ತದೆ. ಉತ್ಸರ್ಜಕತೆ 0.12 ಇರುವ ಲೇಪದಿಂದ ಸೋರುವುದು ಸುಮಾರು 36 ವ್ಯಾಟ್. ನಡುವಣ ಗಾಳಿಯಿಂದಲೂ ಹಿಂಬದಿಯಿಂದಲೂ ಆಗುವ ನಷ್ಟ ಎರಡಕ್ಕೂ ಸಮಾನ. ಅದನ್ನು 130 ವ್ಯಾಟ್ ಎಂದಿಟ್ಟುಕೊಂಡರೆ, ಕೊನೆಗೆ ನೀರಿಗೆ ಉಳಿಯುವುದು ಬಣ್ಣದ ತಗಡಿನಲ್ಲಿ 296 ವ್ಯಾಟ್, ಲೇಪದ ತಗಡಿನಲ್ಲಿ 504 ವ್ಯಾಟ್. ಎರಡು ಚದರ ಮೀಟರಿನ ಹಲಗೆ 100 ಲೀಟರ್ ನೀರನ್ನು ಒಂದು ಗಂಟೆಯಲ್ಲಿ ಮೊದಲನೆಯ ಸಂದರ್ಭದಲ್ಲಿ 5 ಡಿಗ್ರಿ ಏರಿಸಿದರೆ, ಎರಡನೆಯದರಲ್ಲಿ ಸುಮಾರು 9 ಡಿಗ್ರಿ ಏರಿಸುತ್ತದೆ. ಬೆಳಗಿನ ತಣ್ಣೀರು ಇನ್ನೂ ಕಾಯದಿರುವಾಗ ಈ ಅಂತರ ಅಲ್ಪ. ನೀರು ಬಿಸಿಯಾದಂತೆಲ್ಲ ಹೆಚ್ಚುತ್ತದೆ. ಈಜುಕೊಳದ ನೀರನ್ನು ತುಸು ಬೆಚ್ಚಗೆ ಮಾಡುವುದಕ್ಕೆ ಸಾಮಾನ್ಯ ಕಪ್ಪೇ ಸಾಕೆನ್ನುವುದು ಇದೇ ಕಾರಣದಿಂದ.

ಉಷ್ಣತೆ ಮತ್ತಷ್ಟು ಏರಿದಾಗ ಲೇಪವಿಲ್ಲದೆ ಗತಿಯೇ ಇಲ್ಲ. ಹೈದರಾಬಾದಿನ ಬಾಲಾಪುರದಲ್ಲಿರುವ, ಏ.ಆರ್.ಸಿ.ಐ. ಎಂದು ಹೆಸರಾದ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರವು ಕೈಹಾಕಿದ್ದು ಈ ಸಮಸ್ಯೆಗೇ. ದೋಣಿಯಾಕಾರದ ಕನ್ನಡಿಗಳಿಂದ ಬಿಸಿಲನ್ನು ಒಂದು ಗೆರೆಗೆ ಕೂಡಿಸಿ, ಆ ಗೆರೆಯಲ್ಲಿಟ್ಟ ಉಕ್ಕಿನ ಕೊಳವೆಯನ್ನು ಕಾಯಿಸಿ, ಕಾರ್ಖಾನೆಗಳಿಗೆ ಬೇಕಾದ ಶಾಖವನ್ನು ಪಡೆಯುವ ಏರ್ಪಾಡಿಗಾಗಿ ಕಡಮೆ ಖರ್ಚಿನ ಕೊಳವೆಯೊಂದನ್ನು ಅಲ್ಲಿನ ವಿಜ್ಞಾನಿಗಳು ರೂಪಿಸಿದರು. 2021ರಲ್ಲಿ ಪ್ರಕಟವಾದ ವಿವರದಂತೆ, ದುಬಾರಿಯಾದ ನಿರ್ವಾತ ಯಂತ್ರಗಳ ಬದಲು ರಾಸಾಯನಿಕ ದ್ರಾವಣಗಳ ವಿಧಾನದಿಂದಲೇ ಕೂಡಿಸಿದ ಈ ಲೇಪವು ಬಿಸಿಲಿನ ಸುಮಾರು 93 ಪಾಲನ್ನು ಹೀರುತ್ತದೆ. ಉತ್ಸರ್ಜಕತೆ ಸುಮಾರು 0.14. ಕೊಳವೆಯ ಮೈ 250 ಡಿಗ್ರಿಗೆ ಏರಿತೆನ್ನೋಣ. ಆಗ ಬಣ್ಣ ಬಳಿದ ಮೈ ಪ್ರತಿ ಚದರ ಮೀಟರಿಗೆ 4,000 ವ್ಯಾಟಿನಷ್ಟು ಸೂಸಿದರೆ, ಇಂಥ ಲೇಪದ ಮೈ ಸೂಸುವುದು 600 ವ್ಯಾಟಿನ ಒಳಗೆ. ಉಷ್ಣತೆ ಏರಿದಷ್ಟೂ ಸೂಸುವ ಅಲೆಗಳು ಗಿಡ್ಡವಾಗುತ್ತ ಬಿಸಿಲಿನ ಅಲೆಗಳತ್ತ ಸರಿಯುವುದರಿಂದ, ಯಾವ ಲೇಪದ ಉತ್ಸರ್ಜಕತೆಯೂ ಕಾವಿನೊಡನೆ ತುಸು ಏರುತ್ತದೆಂಬುದನ್ನೂ ನೆನಪಿಡಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು 2006ರಲ್ಲಿ ಟೈಟಾನಿಯಂ, ಅಲ್ಯೂಮಿನಿಯಂಗಳ ನೈಟ್ರೈಡು ಪದರಗಳಿಂದ ಮಾಡಿ ತೋರಿಸಿದ ಲೇಪದಲ್ಲಿ ಶೋಷಕತೆ 0.95, ಉತ್ಸರ್ಜಕತೆ 0.07. ಇದಕ್ಕಾದರೋ ನಿರ್ವಾತದಲ್ಲಿ ಕೆಲಸ ಮಾಡುವ ಯಂತ್ರ ಬೇಕು. ಬೆಲೆಗೂ ಗುಣಕ್ಕೂ ನಡುವಣ ತೂಗಾಟ ಇಲ್ಲಿದೆ.

ಲೇಪವು ಕೆಡುವ ಬಗೆಗಳನ್ನೂ ಮನೆಯವರು ಅರಿತಿರುವುದು ಮೇಲು. ಗಾಜಿನ ಅಂಚಿನ ರಬ್ಬರು ಬಿರಿದು ಮಳೆಯ ತೇವ ಒಳಹೊಕ್ಕರೆ ಗಾಜಿನ ಒಳಮೈಯಲ್ಲಿ ಹನಿಗಳು ಕಾಣಿಸಿಕೊಳ್ಳುತ್ತವೆ. ಆ ತೇವವು ಲೇಪವನ್ನು ಮೆಲ್ಲಗೆ ತಿನ್ನುತ್ತದೆ. ಒಳಗೆ ಸೇರಿದ ಧೂಳು ಅವಕೆಂಪು ಅಲೆಗಳನ್ನು ಚೆನ್ನಾಗಿ ಸೂಸುವುದರಿಂದ ಲೇಪದ ಲಾಭವನ್ನು ಕಳೆಯುತ್ತದೆ. ಬೇಸಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋದಾಗ, ತೊಟ್ಟಿಯಲ್ಲಿ ನೀರಿಲ್ಲದಿದ್ದರೆ ಹಲಗೆ 150 ಡಿಗ್ರಿಯನ್ನೂ ಮೀರಬಲ್ಲುದು; ಅಂಥ ಕಾವು ಮರುಮರಳಿ ತಗುಲಿದರೆ ಲೇಪದ ರಚನೆಯೇ ಬದಲಾಗುತ್ತದೆ. ನೀಲಿಛಾಯೆಯ ಕಪ್ಪು ಮಾಸಿ ಬೂದು ಬಣ್ಣಕ್ಕೋ ಕಂದಿಗೋ ತಿರುಗಿದರೆ ಅದು ಸೂಚನೆ. ಗಾಜಿನ ನಿರ್ವಾತ ನಳಿಗೆಗಳಲ್ಲಾದರೆ ತುದಿಯ ಬೆಳ್ಳಿಯ ಹೊಳಪು ಹಾಲಿನಂತೆ ಬೆಳ್ಳಗಾದಾಗ ನಿರ್ವಾತವೇ ಹೋಗಿದೆಯೆಂದು ತಿಳಿಯಬೇಕು.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಒಳ್ಳೆಯ ಉದ್ದೇಶದಿಂದಲೇ ಬರುವಂಥದು. ಮಾಸಿದ ಹಲಗೆಯನ್ನು ಕಂಡು, ಕಪ್ಪು ಹೋಗಿದೆಯಲ್ಲಾ ಎಂದು ಅದರ ಮೇಲೆ ಕಪ್ಪು ಬಣ್ಣ ಬಳಿಸುವುದುಂಟು. ಹಲಗೆ ಹೊಸದರಂತೆ ಕಂಗೊಳಿಸುತ್ತದೆ. ಆದರೆ ಅದರ ಉತ್ಸರ್ಜಕತೆ ಒಂದೇ ದಿನದಲ್ಲಿ 0.12ರಿಂದ 0.9ಕ್ಕೆ ಜಿಗಿದಿರುತ್ತದೆ.

ಕಣ್ಣಿಗೆ ಎರಡು ಕಪ್ಪುಗಳೂ ಒಂದೇ ತೆರನಾಗಿ ತೋರುವುದರಿಂದ, ಕೊಳ್ಳುವಾಗ ಗುರುತಿಸುವ ಬಗೆಯೇನು? ಪ್ರಯೋಗಾಲಯದಲ್ಲಿ ಇದಕ್ಕೆ ತಕ್ಕ ಉಪಕರಣಗಳಿವೆ. ಅಂಗಡಿಯಲ್ಲಾದರೆ 2020ರ ಸಾಂಕ್ರಾಮಿಕದ ಕಾಲದಿಂದ ಎಲ್ಲರಿಗೂ ಪರಿಚಿತವಾದ, ಮುಟ್ಟದೆಯೇ ಕಾವನ್ನಳೆಯುವ ಉಪಕರಣದ ಒಡಹುಟ್ಟು, ಅಂದರೆ ಯಂತ್ರಗಳ ಕಾವನ್ನು ನೋಡುವ ಅವಕೆಂಪು ಥರ್ಮಾಮೀಟರ್, ನೆರವಿಗೆ ಬರುತ್ತದೆ. ಎದುರಿನ ಮೈಯ ಉತ್ಸರ್ಜಕತೆ 0.95 ಎಂದು ಎಣಿಸಿಯೇ ಅದು ಲೆಕ್ಕ ಹಾಕುತ್ತದೆ. ಗಾಜಿಲ್ಲದ ಮಾದರಿಯ ತಗಡಿನ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪನ್ನು ಅಂಟಿಸಿ, ತಗಡನ್ನು ಬಿಸಿಲಲ್ಲಿಟ್ಟು ಕಾಯಿಸಿ, ಟೇಪಿನ ಮೇಲೊಮ್ಮೆ ಬರಿಯ ತಗಡಿನ ಮೇಲೊಮ್ಮೆ ಉಪಕರಣವನ್ನು ಹಿಡಿಯಬೇಕು. ಎರಡೂ ಕಡೆ ಒಂದೇ ಅಂಕಿ ಬಂದರೆ ಅದು ಬರಿಯ ಬಣ್ಣ. ಟೇಪಿನ ಮೇಲೆ 70 ಬಂದು, ಪಕ್ಕದ ಕಪ್ಪಿನ ಮೇಲೆ 35 ಅಥವಾ 40 ಮಾತ್ರ ಬಂದರೆ, ಉಪಕರಣವು ಮೋಸಹೋಗಿದೆಯೆಂದೂ ಲೇಪವು ನಿಜವಾದುದೆಂದೂ ಅರಿಯಬೇಕು. ತಗಡು ಎರಡು ಕಡೆಯೂ ಅಷ್ಟೇ ಕಾದಿದೆ. ಆದರೆ ಆ ಕಾವನ್ನು ಅದು ಹೊರಗೆ ಹೇಳಿಕೊಳ್ಳುತ್ತಿಲ್ಲ.

ಇದರ ತದ್ವಿರುದ್ಧ ಗುಣವೂ ಬಿಸಿಲುನಾಡಿಗೆ ಬೇಕಾದದ್ದೇ. ಸುಣ್ಣ ಬಳಿದ ತಾರಸಿ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ, ಒಳಗಿನ ಕಾವನ್ನು ಅವಕೆಂಪು ಅಲೆಗಳಾಗಿ ಧಾರಾಳವಾಗಿ ಸೂಸುತ್ತದೆ. ತೆಲಂಗಾಣ ಸರ್ಕಾರವು 2023ರಲ್ಲಿ ಹೊರಡಿಸಿದ ತಂಪು ಛಾವಣಿ ನೀತಿಯ ಹಿಂದಿರುವ ಭೌತತತ್ತ್ವವೂ ಇದೇ. ಒಂದೇ ತಾರಸಿಯ ಮೇಲೆ, ಹೀಟರಿನ ಹಲಗೆಗೆ ಒಂದು ಬಗೆಯ ಮೈ ಬೇಕು, ಅದರ ಕೆಳಗಿನ ನೆಲಕ್ಕೆ ಇನ್ನೊಂದು ಬಗೆಯದು. ಯಾವುದಕ್ಕೆ ಯಾವುದೆಂಬುದನ್ನು ನಿರ್ಣಯಿಸುವುದು ಕಣ್ಣಿಗೆ ಕಾಣುವ ಬಣ್ಣವಷ್ಟೇ ಅಲ್ಲ, ಕಣ್ಣಿಗೆ ಕಾಣದ ಉದ್ದ ಅಲೆಗಳಲ್ಲಿ ಆ ಮೈ ಕಪ್ಪೋ ಕನ್ನಡಿಯೋ ಎಂಬುದೂ ಹೌದು.