ಆರ್ಗ್ಯಾನಿಕ್‌ಗೆ ಏಳು ದಿನ

ಸೆಕೆಂಡ್ ಪಿಯುಸಿ ಕೆಮಿಸ್ಟ್ರಿಗೆ ಇನ್ನು 7 ದಿನ.
ಫಿಸಿಕಲ್ ಲೆಕ್ಕ ಸಲೀಸು, ಆರ್ಗ್ಯಾನಿಕ್ ಕನ್ವರ್ಷನ್ ಬಂದ ತಕ್ಷಣ ಪೆನ್ನು ನಿಲ್ಲುತ್ತಾ?

ಮೊದಲ ದಿನ ಅಮೈನ್ಸ್ ತಗೊಳ್ಳಿ.
ಪುಸ್ತಕದಲ್ಲಿ ಅದು ಹಿಂದೆ ಇದೆ, ಆದ್ರೂ ಅಲ್ಲಿಂದಲೇ ಶುರು.
ಯಾಕೆ?
ಡಯಜೋನಿಯಂ ಸಾಲ್ಟ್ ಅಂದ್ರೆ ಹೊಸನಗರ ಬಸ್ ಸ್ಟ್ಯಾಂಡ್ ಇದ್ದ ಹಾಗೆ.
ಸಾಗರದಿಂದ ಬಂದವರು ಅಲ್ಲಿಳಿದು ತೀರ್ಥಹಳ್ಳಿಗೂ ಹೋಗಬಹುದು,
ಬೇರೆ ಊರಿಗೂ ಹೋಗಬಹುದು.

ಒಂದು ಹಾಳೆಯಲ್ಲಿ ಅನಿಲಿನ್ ಬರೀರಿ.
ಸೋಡಿಯಂ ನೈಟ್ರೈಟ್, ಹೈಡ್ರೋಕ್ಲೋರಿಕ್ ಆ್ಯಸಿಡ್,
0ಯಿಂದ 5 ಡಿಗ್ರಿ.
ಡಯಜೋನಿಯಂ ಬಂತು.
ನೀರಿನ ಜೊತೆ ಬಿಸಿ ಮಾಡಿದ್ರೆ ಫೀನಾಲ್.
ಪೊಟ್ಯಾಶಿಯಂ ಅಯೋಡೈಡ್ ಹಾಕಿದ್ರೆ ಅಯೋಡೋಬೆಂಜೀನ್.
ಆ ಡಿಗ್ರಿ ಬರೆಯೋದು ಬಿಡಬೇಡಿ,
ಬಿಸಿಯಾದ್ರೆ ಈ ಸಾಲ್ಟ್ ಉಳಿಯೋದೇ ಇಲ್ಲ.

ಎರಡನೇ ದಿನ ಹ್ಯಾಲೋಆಲ್ಕೇನ್ಸ್,
ಮೂರನೇ ದಿನ ಆಲ್ಕೋಹಾಲ್, ಫೀನಾಲ್.
ಆಲ್ಡಿಹೈಡ್, ಕೀಟೋನ್, ಆ್ಯಸಿಡ್ ದೊಡ್ಡ ಪಾಠ, ಅದಕ್ಕೆ ಎರಡು ದಿನ ಕೊಡಿ.

ಆರನೇ ದಿನ ಬಯೋಮಾಲಿಕ್ಯೂಲ್ಸ್ ಬೇಗ ಮುಗಿಸಿ.
ಆಮೇಲೆ ಪುಸ್ತಕ ಮುಚ್ಚಿ,
ಕನ್ವರ್ಷನ್‌ಗಳ ಪ್ರತಿ ಬಾಣದ ಮೇಲೂ ರಿಯೇಜೆಂಟ್ ನೆನಪಿನಿಂದ ಬರೀರಿ.
ತಪ್ಪಿದ ಬಾಣ ಮಾತ್ರ ಮತ್ತೆ ಓದಿ.

ಫಿಸಿಕಲ್?
ದಿನಾ ಎರಡೇ ಲೆಕ್ಕ, ಅದೂ ರಾತ್ರಿ.
ಬೆಳಿಗ್ಗೆ ಹಿಡಿದ್ರೆ ಬರೋದನ್ನೇ ಮಾಡ್ತಾ ಕೂತುಬಿಡ್ತೀರಿ.

ಏಳನೇ ದಿನ ಹಳೇ ಪೇಪರ್ ಒಂದು,
ಗಡಿಯಾರ ಎದುರಿಗಿಟ್ಟು,
ಆರ್ಗ್ಯಾನಿಕ್ ಪ್ರಶ್ನೆಗಳನ್ನೇ ಮೊದಲು ಬರೀರಿ.