ಐನೂರು ಉತ್ತರ ಬಂದರೂ ಸಮೀಕ್ಷೆ ದಾರಿ ತಪ್ಪಬಹುದು

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎಂಜಿನಿಯರಿಂಗ್ ಕಾಲೇಜಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ತಪ್ಪದೆ ಓಡಾಡುತ್ತದೆ: ‘ಫ್ರೆಂಡ್ಸ್, ಪ್ಲೀಸ್ ಈ ಫಾರ್ಮ್ ಫಿಲ್ ಮಾಡಿ, ಎರಡೇ ನಿಮಿಷ. ಎಲ್ಲ ಗ್ರೂಪಿಗೂ ಕಳಿಸಿ.’ ವಿಷಯ ಹೆಚ್ಚಾಗಿ ಪರೀಕ್ಷೆಯ ಒತ್ತಡ. ನಾಲ್ಕು ಜನರ ತಂಡವೊಂದು ವರದಿ ಒಪ್ಪಿಸಬೇಕಿರುತ್ತದೆ. ಐನೂರು ಉತ್ತರ ಸೇರಿದ ದಿನ ತಂಡಕ್ಕೆ ಸಮಾಧಾನ, ಗೈಡ್‌ಗೂ ಸಮಾಧಾನ. ಉತ್ತರ ಹೆಚ್ಚಿದಷ್ಟೂ ಸತ್ಯಕ್ಕೆ ಹತ್ತಿರವಾದೆವು ಎಂಬುದು ಇಬ್ಬರ ನಂಬಿಕೆ.

ಈ ನಂಬಿಕೆ 1936ರಲ್ಲೇ ದೊಡ್ಡದಾಗಿ ಮುಗ್ಗರಿಸಿತ್ತು. ಆ ವರ್ಷ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮಾದರಿ ಮತಪತ್ರ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮರಳಿ ಬಂದವು. ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಘೋಷಿಸಿತು. ಗೆದ್ದವರು ರೂಸ್‌ವೆಲ್ಟ್, ಲ್ಯಾಂಡನ್‌ಗೆ ದಕ್ಕಿದ್ದು ಎರಡೇ ರಾಜ್ಯ. ಪತ್ರಿಕೆ ವಿಳಾಸಗಳನ್ನು ಹೆಕ್ಕಿದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ. ಅದರ ಮೇಲೆ, ಉತ್ತರಿಸುವ ಉತ್ಸಾಹ ಇದ್ದವರಷ್ಟೇ ಉತ್ತರಿಸಿದ್ದರು. ಅದಕ್ಕಿಂತ ತೀರಾ ಚಿಕ್ಕ ಮಾದರಿ ಇಟ್ಟುಕೊಂಡಿದ್ದ ಜಾರ್ಜ್ ಗ್ಯಾಲಪ್ ಗೆದ್ದವರನ್ನು ಸರಿಯಾಗಿ ಹೇಳಿದ್ದರು.

ಒತ್ತಡದ ಸಮೀಕ್ಷೆಯಲ್ಲಿ ಈ ತೊಡಕು ಇನ್ನೂ ಕೆಟ್ಟದ್ದು, ಏಕೆಂದರೆ ವಾಲುವಿಕೆ ಯಾವ ಕಡೆಗೆ ಎಂಬುದೇ ತಿಳಿಯುವುದಿಲ್ಲ. ‘ಒತ್ತಡ’ ಎಂಬ ಪದ ಕಂಡೊಡನೆ ತನ್ನ ಕಥೆಯೇ ಇದು ಎಂದು ಲಿಂಕ್ ಒತ್ತುವವರು ಒಂದಿಷ್ಟು ಜನ. ನಾಲ್ಕೈದು ಬ್ಯಾಕ್‌ಲಾಗ್ ಹೊತ್ತು ಗುಂಪನ್ನೇ ಮ್ಯೂಟ್ ಮಾಡಿಟ್ಟವರು ಇನ್ನೊಂದಿಷ್ಟು ಜನ. ಮೊದಲಿನವರು ಅಂಕಿಯನ್ನು ಮೇಲಕ್ಕೆ ಎಳೆಯುತ್ತಾರೆ, ಎರಡನೆಯವರ ಗೈರು ಕೆಳಕ್ಕೆ. ಇನ್ನೂ ಐನೂರು ಉತ್ತರ ಸೇರಿಸಿದರೆ ಇದೇ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೆ.

ವಾಟ್ಸ್ಆ್ಯಪ್ ಬೇಡವೆಂದು ಕ್ಯಾಂಟೀನಿನ ಮುಂದೆ ನಿಂತು ಸಿಕ್ಕಸಿಕ್ಕವರನ್ನು ಕೇಳುವ ತಂಡಗಳೂ ಇವೆ. ವರದಿಯಲ್ಲಿ ಅದನ್ನು ‘ಯಾದೃಚ್ಛಿಕ ಮಾದರಿ’ ಎಂದು ಬರೆಯುತ್ತಾರೆ. ಅದು ಹಾಗಲ್ಲ. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಗೊತ್ತಾದ, ಸೊನ್ನೆಯಲ್ಲದ ಅವಕಾಶ ಇದ್ದರೆ ಮಾತ್ರ ಆ ಹೆಸರು ಸಲ್ಲುತ್ತದೆ. ಕ್ಯಾಂಟೀನಿಗೆ ಕಾಲಿಡದೆ ಸಂಜೆ ನಾಲ್ಕರ ಬಸ್ಸಿಗೆ ಓಡುವ ವಿದ್ಯಾರ್ಥಿಗೆ ಅಲ್ಲಿ ಇರುವ ಅವಕಾಶ ಸೊನ್ನೆ.

ಇನ್ನು 384ರ ಮಾತು. ‘ಕನಿಷ್ಠ 384 ಜನ ಬೇಕೇ ಬೇಕು’ ಎಂದು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ದಾಟುತ್ತ ಬಂದಿರುವ ಸಂಖ್ಯೆ ಇದು. ಆಕಾಶದಿಂದ ಬಿದ್ದದ್ದೇನಲ್ಲ. ಜನಸಂಖ್ಯೆ ಬಹಳ ದೊಡ್ಡದು, ಆಯ್ಕೆ ನಿಜವಾಗಿಯೂ ಚೀಟಿ ಎತ್ತಿದಂತೆ ಆಗಿದೆ, ಶೇ 95ರ ಭರವಸೆಯಲ್ಲಿ ಐದು ಅಂಶದಷ್ಟು ಆಚೀಚೆ ಸಾಕು ಎಂದಾಗ ಬರುವ ಲೆಕ್ಕ ಅದು. 1,200 ವಿದ್ಯಾರ್ಥಿಗಳಿರುವ ಕಾಲೇಜಿಗೆ ಅದೇ ಲೆಕ್ಕ ಸುಮಾರು 291ಕ್ಕೆ ಇಳಿಯುತ್ತದೆ. ಹತ್ತು ಅಂಶ ಆಚೀಚೆ ಆದರೂ ಪರವಾಗಿಲ್ಲ ಎಂದರೆ 89 ಸಾಕು. ಕಾಲೇಜಿನ ಅರ್ಧಕ್ಕಿಂತ ಹೆಚ್ಚು ಜನ ನಿದ್ದೆಗೆಡುತ್ತಿದ್ದಾರೆಯೇ ಅಥವಾ ಕಾಲು ಭಾಗವೇ ಎಂಬುದನ್ನು ತಿಳಿಯಲು ಹೊರಟ ನಾಲ್ವರ ತಂಡಕ್ಕೆ ಎರಡನೆಯದೇ ವಿವೇಕದ ದಾರಿ. ಉಳಿದ ಶ್ರಮವನ್ನು ಆಯ್ಕೆಯಾದವರನ್ನು ಮುಟ್ಟಲು ಬಳಸಬಹುದು.

ಕಾಲೇಜೊಂದನ್ನು ಊಹಿಸಿಕೊಳ್ಳೋಣ. ಎರಡನೇ ವರ್ಷದಿಂದ ಮೇಲಿನ 1,200 ಜನ: ಕಂಪ್ಯೂಟರ್ ಸೈನ್ಸ್ 480, ಎಲೆಕ್ಟ್ರಾನಿಕ್ಸ್ 300, ಎಐ-ಎಂಎಲ್ 180, ಮೆಕ್ಯಾನಿಕಲ್ 120, ಸಿವಿಲ್ 120. ಕಾಲು ಭಾಗ ಉತ್ತರಿಸುವುದಿಲ್ಲ ಎಂದು ಮೊದಲೇ ಲೆಕ್ಕ ಹಾಕಿದರೆ 90 ಉತ್ತರಕ್ಕೆ 120 ಜನರನ್ನು ಆರಿಸಬೇಕು, ಅಂದರೆ ಪ್ರತಿ ಬ್ರ್ಯಾಂಚಿನಲ್ಲೂ ಹತ್ತಕ್ಕೆ ಒಬ್ಬರು: 48, 30, 18, 12, 12. ಪಟ್ಟಿ ಬರಬೇಕಾದ್ದು ತರಗತಿಯ ಹಾಜರಿಯಿಂದಲ್ಲ, ಪರೀಕ್ಷಾ ವಿಭಾಗದ ನೋಂದಣಿಯಿಂದ. ಹಾಜರಿ ಕೊರತೆಯವರೂ ಅದರಲ್ಲಿ ಇರುತ್ತಾರೆ. ಕಚೇರಿಯ ಸಿಬ್ಬಂದಿಯೇ ಪ್ರತಿ ಯುಎಸ್‌ಎನ್ ಪಕ್ಕದ ಕಾಲಂನಲ್ಲಿ ಈ ಸೂತ್ರ ಹಾಕಿ, ಪ್ರತಿ ಬ್ರ್ಯಾಂಚಿನ ಪಟ್ಟಿಯನ್ನೂ ಬಂದ ಸಂಖ್ಯೆಗಳ ಕ್ರಮದಲ್ಲಿ ವಿಂಗಡಿಸಿ, ಮೇಲಿನಿಂದ ಬೇಕಾದಷ್ಟು ಜನರನ್ನು ತೆಗೆದುಕೊಂಡರೆ ಆಯಿತು.

```
=RAND()
```

ಒಂದು ಎಚ್ಚರಿಕೆ: ಹಾಳೆಯಲ್ಲಿ ಏನನ್ನಾದರೂ ತಿದ್ದಿದರೆ ಈ ಸಂಖ್ಯೆಗಳು ಮತ್ತೆ ಬದಲಾಗುತ್ತವೆ. ಆದ್ದರಿಂದ ಅವನ್ನು ಬರೀ ಮೌಲ್ಯಗಳಾಗಿ ಅಂಟಿಸಿಕೊಂಡ ಮೇಲೆಯೇ ವಿಂಗಡಿಸಬೇಕು. ಸುಲಭವೆಂದು ಪಟ್ಟಿಯ ಮೊದಲ ಹತ್ತನೇ ಒಂದು ಭಾಗವನ್ನು ಹಾಗೇ ಕತ್ತರಿಸಿಕೊಳ್ಳುವುದೂ ಉಂಟು. ವಿಟಿಯು ಕಾಲೇಜುಗಳಲ್ಲಿ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರ ಕ್ರಮಸಂಖ್ಯೆ 400ರಿಂದ ಶುರುವಾಗಿ ಪಟ್ಟಿಯ ಬಾಲದಲ್ಲಿರುತ್ತದೆ. ಮೊದಲ ಭಾಗ ಕತ್ತರಿಸಿದ ತಂಡ ಅವರೆಲ್ಲರನ್ನೂ ತನಗೆ ಅರಿವಿಲ್ಲದೆಯೇ ಹೊರಗಿಟ್ಟಿರುತ್ತದೆ.

ಆಯ್ಕೆಯಾದವರು ಉತ್ತರಿಸದಿದ್ದರೆ? ಅವರ ಬದಲು ಪಕ್ಕದ ಬೆಂಚಿನ ಒಳ್ಳೆಯ ಗೆಳೆಯನನ್ನು ಸೇರಿಸಿಕೊಳ್ಳುವುದು ಎಲ್ಲರಿಗೂ ಹೊಳೆಯುವ ಉಪಾಯ. ಚೀಟಿ ಎತ್ತಿದ್ದು ಅಲ್ಲಿಗೆ ವ್ಯರ್ಥ. ನಾಲ್ಕು ದಿನಕ್ಕೊಮ್ಮೆ ಎರಡು ಸಲ ನೆನಪಿಸಿ, ಆಮೇಲೂ ಬಾರದವರನ್ನು ಬಾರದವರೆಂದೇ ಲೆಕ್ಕಕ್ಕೆ ಹಿಡಿಯಬೇಕು. 120ರಲ್ಲಿ 90 ಜನ ಉತ್ತರಿಸಿ, ಅವರಲ್ಲಿ 54 ಜನ ತೀವ್ರ ಒತ್ತಡ ಇದೆ ಎಂದರೆನ್ನಿ. ಅದು ಶೇ 60, ಹತ್ತು ಅಂಶ ಆಚೀಚೆ. ಮೌನವಾಗಿರುವ 30 ಜನರೂ ಒತ್ತಡದಲ್ಲಿದ್ದರೆ ಮಾದರಿಯ ಅಂಕಿ ಶೇ 70. ಒಬ್ಬರೂ ಇಲ್ಲದಿದ್ದರೆ ಶೇ 45. ವರದಿಯಲ್ಲಿ ಈ ಎರಡು ತುದಿಗಳನ್ನೂ ಬರೆದ ತಂಡದ ಮಾತಿಗೆ ಬೆಲೆಯಿದೆ. ವಾಟ್ಸ್ಆ್ಯಪ್‌ನ ಐನೂರಕ್ಕೆ ಇಂಥ ತುದಿಗಳನ್ನೇ ಹೇಳಲಾಗದು, ಲಿಂಕ್ ಎಷ್ಟು ಜನರಿಗೆ ತಲುಪಿತು ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ. ಹಾಗೆಯೇ, ಮೆಕ್ಯಾನಿಕಲ್‌ನ 12 ಜನರನ್ನು ಹಿಡಿದು ‘ಮೆಕ್ಯಾನಿಕಲ್‌ನವರಿಗೆ ಒತ್ತಡ ಕಡಿಮೆ’ ಎನ್ನುವಂತಿಲ್ಲ. ಅಲ್ಲಿ ಅಂಕಿ ಸುಮಾರು ಮೂವತ್ತು ಅಂಶ ಆಚೀಚೆ ತೂಗುತ್ತದೆ.

ಉತ್ತರದ ಪ್ರಮಾಣ ಹೆಚ್ಚಿಸಲು ಇನ್ನೊಂದು ದಾರಿ ಎಲ್ಲರ ಕಣ್ಣೆದುರೇ ಇದೆ. ಎಚ್‌ಒಡಿ ಒಪ್ಪಿಗೆ ಪಡೆದು, ಅಧ್ಯಾಪಕರು ತರಗತಿಯಲ್ಲೇ ಕೂರಿಸಿ ತುಂಬಿಸಿದರೆ ನೂರಕ್ಕೆ ನೂರು! ಎಚ್‌ಒಡಿ ಹೂಂ ಎಂದ ಮೇಲೆ ವಿದ್ಯಾರ್ಥಿಯ ಸಮ್ಮತಿ ಬೇರೆ ಏಕೆ ಎಂಬುದು ಬಹುಶಃ ಈ ವಿಷಯದ ಅತಿ ಗಟ್ಟಿಯಾದ ತಪ್ಪು ಕಲ್ಪನೆ. ಎಚ್‌ಒಡಿ ಕೊಡುವುದು ಕಾಲೇಜಿನೊಳಗೆ ಸಮೀಕ್ಷೆ ನಡೆಸಲು ಅನುಮತಿ. ತನ್ನ ಮನಸ್ಸಿನ ಸ್ಥಿತಿಯನ್ನು ಹೇಳಬೇಕೋ ಬೇಡವೋ ಎಂಬ ಒಪ್ಪಿಗೆ ವಿದ್ಯಾರ್ಥಿಯದು ಮಾತ್ರ. ವಿಟಿಯು ಪದ್ಧತಿಯಲ್ಲಿ ಥಿಯರಿ ವಿಷಯದ ನೂರು ಅಂಕಗಳಲ್ಲಿ ಐವತ್ತು ಇಂಟರ್ನಲ್ಸ್‌ನದು. ಆ ಐವತ್ತನ್ನು ಹಾಕುವ ಕೈಯೇ ಫಾರ್ಮ್ ಹಂಚಿದಾಗ ‘ನನಗೆ ಬೇಡ ಸಾರ್’ ಎನ್ನಲು ಎಷ್ಟು ಮಂದಿಗೆ ಧೈರ್ಯ ಬಂದೀತು?

ಒತ್ತಾಯದ ಗುರುತು ಉತ್ತರಗಳಲ್ಲೇ ಉಳಿಯುತ್ತದೆ. ಶೆಲ್ಡನ್ ಕೋಹೆನ್ ಮತ್ತು ಜೊತೆಗಾರರು 1983ರಲ್ಲಿ ಪ್ರಕಟಿಸಿದ ‘ಗ್ರಹಿತ ಒತ್ತಡ ಮಾಪಕ’ವನ್ನು ಇಂಥ ಸಮೀಕ್ಷೆಗಳು ತುಂಬ ಬಳಸುತ್ತವೆ. ಅದರ ಹತ್ತು ಪ್ರಶ್ನೆಗಳ ರೂಪದಲ್ಲಿ ನಾಲ್ಕು ಪ್ರಶ್ನೆಗಳು ತಿರುಗುಮುರುಗು: ಎಲ್ಲವೂ ಹತೋಟಿಯಲ್ಲಿದೆ ಎನಿಸಿತೇ ಎಂಬಂಥವು. ಹತ್ತಕ್ಕೂ ‘ಬಹಳ ಸಲ’ ಎಂದೇ ಟಿಕ್ ಹಾಕಿದವರು ಕೈಮೀರಿದೆ ಎಂದೂ ಹತೋಟಿಯಲ್ಲಿದೆ ಎಂದೂ ಒಟ್ಟಿಗೇ ಹೇಳಿದಂತಾಗುತ್ತದೆ. ಅಂಥ ಸಾಲುಗಳು ಹೆಚ್ಚಿದ್ದರೆ, ಕೂರಿಸಿ ತುಂಬಿಸಿದ್ದಾರೆ ಎಂದು ಅನುಮಾನಿಸಬಹುದು. ಈ ಮಾಪಕ ಕೇಳುವುದು ಕಳೆದ ಒಂದು ತಿಂಗಳ ಬಗ್ಗೆ, ಪರೀಕ್ಷೆಯ ಬಗ್ಗೆಯೇ ಅಲ್ಲ. ಅದು ರೋಗ ಪತ್ತೆಯ ಸಾಧನವೂ ಅಲ್ಲ. ಕಳೆದ ತಿಂಗಳ ಬಗ್ಗೆ ಕೇಳುವುದರಿಂದ ನೆನಪೋಲೆಗಳೆಲ್ಲ ಪರೀಕ್ಷೆ ಶುರುವಾಗುವ ಮುನ್ನವೇ ಮುಗಿಯಬೇಕು. ಇಲ್ಲವಾದರೆ ಓದಿನ ತಿಂಗಳೂ ರಜೆಯ ತಿಂಗಳೂ ಒಂದೇ ಅಂಕಿಯಲ್ಲಿ ಕಲಸಿಹೋಗುತ್ತವೆ.

ಹಾಗಾದರೆ ತಿಳಿವಳಿಕೆಯ ಸಮ್ಮತಿ ಎಂದರೆ ‘ನಾನು ಒಪ್ಪುತ್ತೇನೆ’ ಎಂಬ ಒಂದು ಚೌಕವೇ? ಆ ಚೌಕಕ್ಕೆ ಮೊದಲು ಅರ್ಧ ಪುಟದ ಮಾತು ಇರಬೇಕು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಯಾರು ಕೇಳುತ್ತಿದ್ದಾರೆ, ಏಕೆ, ಎಷ್ಟು ಹೊತ್ತು ಹಿಡಿಯುತ್ತದೆ, ಉತ್ತರಗಳನ್ನು ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತಾರೆ, ಉತ್ತರಿಸದಿದ್ದರೆ ಅಂಕಕ್ಕೂ ಹಾಜರಿಗೂ ಏನೂ ಆಗದು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ‘ಒಪ್ಪುವುದಿಲ್ಲ’ ಎಂಬ ಇನ್ನೊಂದು ಆಯ್ಕೆಯೂ ಇರಬೇಕು, ಅದನ್ನು ಒತ್ತಿದರೆ ಫಾರ್ಮ್ ಅಲ್ಲೇ ಮುಗಿಯಬೇಕು. ಉಳಿದ ಪ್ರಶ್ನೆಗಳಿಗೆ `Required` ಗುಂಡಿಯನ್ನು ಆನ್ ಮಾಡಿಟ್ಟರೆ ಬೇಡದ ಪ್ರಶ್ನೆಯನ್ನು ಬಿಡುವ ಸ್ವಾತಂತ್ರ್ಯ ಕಿತ್ತುಕೊಂಡಂತೆ.

ಮೇಲಿನ ಲೆಕ್ಕ ಎರಡನೇ ವರ್ಷದಿಂದ ಶುರುವಾದದ್ದಕ್ಕೂ ಕಾರಣವಿದೆ. ಮೊದಲ ಸೆಮಿಸ್ಟರಿನಲ್ಲಿ ಹದಿನೇಳರ ಹರೆಯದವರು ಹಲವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಹದಿನೆಂಟು ತುಂಬದವರ ವಿಷಯದಲ್ಲಿ ಸಾಮಾನ್ಯವಾಗಿ ಪೋಷಕರ ಸಮ್ಮತಿಯೂ ಬೇಕು, ಅವರದೇ ಒಪ್ಪಿಗೆಯೂ ಬೇಕು. ಮನೆಗೆ ಪತ್ರ ಕಳಿಸುವಷ್ಟು ಸಮಯ ಇಲ್ಲದ ತಂಡ ಅವರನ್ನು ಬಿಟ್ಟು, ಬಿಟ್ಟದ್ದನ್ನು ವರದಿಯಲ್ಲಿ ಬರೆಯುವುದು ಮೇಲು. ಎಥಿಕ್ಸ್ ಸಮಿತಿಯ ಮುಂದೆ ಹೋಗಬೇಕಾದ್ದು ಫಾರ್ಮ್ ಹಂಚುವ ಮೊದಲು. ಸಂಶೋಧನಾ ಪತ್ರಿಕೆಯವರು ಕೇಳಿದರೆಂದು ಆಮೇಲೆ ಓಡಿದರೆ ಪ್ರಯೋಜನವಿಲ್ಲ. ಕಾಲೇಜಿನಲ್ಲಿ ಸಮಿತಿಯೇ ಇಲ್ಲದಿದ್ದರೆ ಬೇರೊಂದು ಸಂಸ್ಥೆಯ ಸಮಿತಿಯ ಮೊರೆ ಹೋಗಬೇಕಾಗುತ್ತದೆ.

‘ಹೆಸರು ಕೇಳಿಲ್ಲವಲ್ಲ, ಗುಟ್ಟು ಗುಟ್ಟಾಗಿಯೇ ಇರುತ್ತದೆ’ ಎಂಬ ಭರವಸೆಯನ್ನೂ ಪರೀಕ್ಷಿಸಬೇಕು. ಮೆಕ್ಯಾನಿಕಲ್, ಐದನೇ ಸೆಮಿಸ್ಟರ್, ಹುಡುಗಿ, ಹಾಸ್ಟೆಲ್: ಈ ನಾಲ್ಕು ಉತ್ತರ ಸೇರಿದರೆ ಅನೇಕ ಕಾಲೇಜುಗಳಲ್ಲಿ ಒಬ್ಬಳೇ ಉಳಿಯುತ್ತಾಳೆ. ವಿಶ್ಲೇಷಣೆಗೆ ಬೇಕಿಲ್ಲದ ವಿವರ ಕೇಳದಿರುವುದೇ ಇದಕ್ಕೆ ಮದ್ದು. ಆದರೆ ಹೆಸರಿಲ್ಲದ ಲಿಂಕ್ ಗುಂಪಿನಿಂದ ಗುಂಪಿಗೆ ಹಾರಿದರೆ ಆರಿಸಿದ 120 ಜನರಲ್ಲದವರೂ ಒಳಗೆ ಬರುತ್ತಾರೆ. ಹಳೆಯ ಚೀಟಿ ಪದ್ಧತಿ ಇಲ್ಲಿ ಚೆನ್ನಾಗಿ ಒದಗುತ್ತದೆ. 120 ಚೀಟಿಗಳಲ್ಲಿ ಬೇರೆಬೇರೆ ಸಂಕೇತ ಬರೆದು ಡಬ್ಬಿಗೆ ಹಾಕಿ, ಆಯ್ಕೆಯಾದ ಪ್ರತಿಯೊಬ್ಬರೂ ಒಂದನ್ನು ತಾವೇ ಎತ್ತಿಕೊಳ್ಳಲಿ. ಯಾರಿಗೆ ಯಾವುದು ಹೋಯಿತೆಂದು ಯಾರೂ ಬರೆದುಕೊಳ್ಳಬಾರದು. ಸಂಕೇತವಿಲ್ಲದ ಉತ್ತರ ಲೆಕ್ಕಕ್ಕಿಲ್ಲ, ಎರಡು ಸಲ ಬಂದರೆ ಮೊದಲನೆಯದಷ್ಟೇ. ನಾಳೆ ಯಾರಾದರೂ ಮನಸ್ಸು ಬದಲಿಸಿದರೆ ಹೆಸರು ಹೇಳದೆ ಸಂಕೇತವನ್ನಷ್ಟೇ ಕಳಿಸಿ ತಮ್ಮ ಉತ್ತರ ಅಳಿಸಿಸಬಹುದು. ಯಾರು ಉತ್ತರಿಸಿದರು ಎಂಬುದು ತಿಳಿಯದ ಕಾರಣ ನೆನಪೋಲೆ 120 ಜನರಿಗೂ ಹೋಗುತ್ತದೆ. ಈಗಾಗಲೇ ತುಂಬಿದವರು ಅದನ್ನು ಬಿಟ್ಟುಬಿಡಿ ಎಂಬ ಒಂದು ಸಾಲು ಸಾಕು.

ಕೊನೆಯದಾಗಿ ಒಂದು ಪ್ರಶ್ನೆಯ ವಿಚಾರ. ಖಿನ್ನತೆ ಅಳೆಯುವ ‘ಪಿಎಚ್‌ಕ್ಯೂ-9’ರ ಒಂಬತ್ತನೇ ಪ್ರಶ್ನೆ ಸಾಯುವ, ತನಗೆ ಘಾಸಿ ಮಾಡಿಕೊಳ್ಳುವ ಯೋಚನೆಗಳ ಕುರಿತದ್ದು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಅಧ್ಯಯನಗಳಲ್ಲಿ ನಿಂತಿಲ್ಲ. ತೊಂದರೆ ಬೇರೆಡೆ ಇದೆ: ಹೌದು ಎಂದವರು ಯಾರೆಂದು ತಿಳಿಯದ ತಂಡ ಅವರನ್ನು ಮುಟ್ಟುವುದು ಹೇಗೆ? ಹೆಸರಿಲ್ಲದ ಸಣ್ಣ ಸಮೀಕ್ಷೆ ಅಂಥ ಪ್ರಶ್ನೆಯನ್ನು ಸೇರಿಸದಿರುವುದೇ ಸರಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಮತ್ತು ಕಾಲೇಜಿನ ಆಪ್ತಸಮಾಲೋಚಕರು ಸಿಗುವ ಜಾಗವನ್ನು ಫಾರ್ಮಿನ ಕೊನೆಯ ಪುಟದಲ್ಲಿ ಹಾಕುವುದು ರೂಢಿ. ಹಾಗೆ ಮಾಡಿದರೆ ‘ಒಪ್ಪುವುದಿಲ್ಲ’ ಎಂದು ಮೊದಲ ಪುಟದಲ್ಲೇ ಹೊರಟುಹೋದವರಿಗೆ ಅದು ಕಾಣುವುದೇ ಇಲ್ಲ. ಆದ್ದರಿಂದ ಅದನ್ನು ಸಮ್ಮತಿ ಪುಟದಲ್ಲೂ, ಕೈಗೆ ಕೊಡುವ ಚೀಟಿಯ ಹಿಂಬದಿಯಲ್ಲೂ ಅಚ್ಚುಹಾಕಿಸಬೇಕು.