ಗುಳ್ಳೆ ಹುಟ್ಟುವುದು ಬಟ್ಟಲಿನಲ್ಲಿ

ಇಂಗ್ಲೆಂಡಿನ ವಿಕ್ಟೋರಿಯಾ ಸ್ಯಾಂಡ್‌ವಿಚ್ ಕೇಕಿನ ಅಳತೆಯನ್ನು ಯಾರೂ ಬರೆದಿಟ್ಟುಕೊಳ್ಳಬೇಕಾಗಿಲ್ಲ. ನಾಲ್ಕು ಮೊಟ್ಟೆಗಳನ್ನು ಚಿಪ್ಪಿನ ಸಮೇತ ತಕ್ಕಡಿಗೆ ಹಾಕಿ, ಅವು ಎಷ್ಟು ತೂಗುತ್ತವೋ ಅಷ್ಟೇ ಬೆಣ್ಣೆ, ಅಷ್ಟೇ ಸಕ್ಕರೆ, ಅಷ್ಟೇ ಮೈದಾ ತೆಗೆದುಕೊಂಡರೆ ಆಯಿತು. ಎರಡು ತಟ್ಟೆಗಳಲ್ಲಿ ಬೇಯಿಸಿ, ನಡುವೆ ರಾಸ್ಪ್‌ಬೆರಿ ಜ್ಯಾಮ್ ಹಚ್ಚಿ, ಒಂದರ ಮೇಲೊಂದು ಕೂರಿಸುತ್ತಾರೆ. ಹಳ್ಳಿಹಳ್ಳಿಯ ಮೇಳಗಳಲ್ಲಿ ಇದಕ್ಕೆ ಸ್ಪರ್ಧೆಯೇ ನಡೆಯುತ್ತದೆ. ಅಲ್ಲಿನ ಮಹಿಳಾ ಸಂಘಗಳ ತೀರ್ಪುಗಾರರು ಕೇಕಿನ ಮೇಲೆ ತಂತಿ ಜಾಲರಿಯ ಗುರುತು ಬಿದ್ದಿದ್ದರೂ ಅಂಕ ಕಳೆಯುವಷ್ಟು ಕಟ್ಟುನಿಟ್ಟು.

ಅಲಂಕಾರವಿಲ್ಲದ ಈ ಕೇಕಿನಲ್ಲಿ ತಪ್ಪನ್ನು ಮುಚ್ಚಿಡಲು ಜಾಗವಿಲ್ಲ. ಕತ್ತರಿಸಿದ ತುಂಡಿನ ಒಳಮೈ ನೋಡಿದರೆ ಹಿಟ್ಟು ಕಲಸಿದ ಬಗೆ ತಿಳಿಯುತ್ತದೆ. ಕಲಸುವ ಬಗೆ ಮುಖ್ಯವಾಗಿ ಎರಡು. ಹಳೆಯದು ಕ್ರೀಮಿಂಗ್: ಬೆಣ್ಣೆ, ಸಕ್ಕರೆ ಎರಡನ್ನೇ ಮೊದಲು ಚೆನ್ನಾಗಿ ಬಡಿದು, ಮೊಟ್ಟೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ, ಕೊನೆಗೆ ಮೈದಾವನ್ನು ಮೆಲ್ಲಗೆ ಬೆರೆಸುವುದು. ಇನ್ನೊಂದು ಆಲ್-ಇನ್-ಒನ್: ಎಲ್ಲವನ್ನೂ ಒಮ್ಮೆಗೇ ಬಟ್ಟಲಿಗೆ ಸುರಿದು ಎರಡು ನಿಮಿಷ ಬಡಿಯುವುದು. ಇದನ್ನು ಬ್ರಿಟನ್ನಿನ ಮನೆಮನೆಗೆ ಮುಟ್ಟಿಸಿದವರಲ್ಲಿ ಅಡುಗೆ ಲೇಖಕಿ ಮೇರಿ ಬೆರಿ ಪ್ರಮುಖರು. ಸಾಮಗ್ರಿ ಒಂದೇ, ಓವನ್ ಒಂದೇ, ಆದರೂ ಎರಡು ಕೇಕುಗಳ ಒಳಮೈ ಒಂದೇ ಥರ ಇರುವುದಿಲ್ಲ.

ಕೇಕು ಉಬ್ಬಲು ಬೇಕಿಂಗ್ ಪೌಡರೇ ಕಾರಣ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಅರ್ಧ ಮಾತ್ರ ಸರಿ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಬೇಕಿಂಗ್ ಪೌಡರ್ ತಯಾರಿಸಿದ್ದು 1843ರಲ್ಲಿ. ಅದಕ್ಕೂ ಸುಮಾರು ನೂರು ವರ್ಷ ಮೊದಲು, 1747ರಲ್ಲಿ, ಹನ್ನಾ ಗ್ಲಾಸ್ ಎಂಬಾಕೆ ತನ್ನ ಅಡುಗೆ ಪುಸ್ತಕದಲ್ಲಿ ಪೌಂಡ್ ಕೇಕ್ ಮಾಡುವ ಕ್ರಮ ಬರೆದಿದ್ದಳು. ಅದರಲ್ಲಿ ಉಬ್ಬಿಸುವ ಪುಡಿ ಯಾವುದೂ ಇಲ್ಲ. ಬೆಣ್ಣೆಯನ್ನು ಕೈಯಿಂದ ಕೆನೆಯಂತಾಗುವವರೆಗೆ ತಿಕ್ಕಬೇಕು, ಎಲ್ಲ ಸೇರಿಸಿದ ಮೇಲೆ ಒಂದು ಗಂಟೆ ಬಡಿಯಬೇಕು. ಆ ಕೇಕನ್ನು ಎತ್ತುತ್ತಿದ್ದದ್ದು ಬಡಿಯುವಾಗ ಒಳಸೇರಿದ ಗಾಳಿ ಮತ್ತು ಓವನ್ನಿನಲ್ಲಿ ಹುಟ್ಟುವ ನೀರಾವಿ, ಅಷ್ಟೇ.

ಬೇಕಿಂಗ್ ಪೌಡರಿನಿಂದ ಹೊರಡುವ ಅನಿಲ ಹೊಸ ಗುಳ್ಳೆಗಳನ್ನು ಮಾಡುವುದು ಇಲ್ಲವೆಂಬಷ್ಟು ಕಡಿಮೆ. ಹಿಟ್ಟಿನಲ್ಲಿ ಆಗಲೇ ಇರುವ ಗಾಳಿಗುಳ್ಳೆಗಳೊಳಗೆ ಸೇರಿಕೊಂಡು ಅವನ್ನು ಹಿಗ್ಗಿಸುವುದೇ ಅದರ ಕೆಲಸ. ಹಾಗಾಗಿ ಬಟ್ಟಲಿನಲ್ಲಿ ಸಾವಿರಾರು ಸಣ್ಣ ಗುಳ್ಳೆಗಳಿದ್ದರೆ ಅನಿಲ ಹಂಚಿಹೋಗುತ್ತದೆ, ಕೇಕಿನ ಒಳಮೈ ನಯವಾಗಿ ಒಂದೇ ಸಮನಾಗಿರುತ್ತದೆ. ಗುಳ್ಳೆಗಳು ಕೆಲವೇ ಇದ್ದರೆ ಅಷ್ಟೂ ಅನಿಲ ಅವುಗಳಿಗೇ ನುಗ್ಗಿ ದೊಡ್ಡ ದೊಡ್ಡ ತೂತುಗಳಾಗುತ್ತವೆ, ಉಳಿದ ಭಾಗ ಗಟ್ಟಿಯಾಗಿ ಉಳಿಯುತ್ತದೆ. ಎರಡು ವಿಧಾನಗಳ ನಡುವಿನ ವ್ಯತ್ಯಾಸವೆಲ್ಲ ಈ ಮೊದಲ ಗುಳ್ಳೆಗಳನ್ನು ಯಾರು ಹುಟ್ಟಿಸುತ್ತಾರೆ, ಯಾರು ಹಿಡಿದಿಡುತ್ತಾರೆ ಎಂಬುದರಲ್ಲಿದೆ.

ಕ್ರೀಮಿಂಗ್‌ನಲ್ಲಿ ಆ ಕೆಲಸ ಬೆಣ್ಣೆ ಮತ್ತು ಸಕ್ಕರೆಯದು. ಸುಮಾರು 18ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಣ್ಣೆ ಪೂರ್ತಿ ಗಟ್ಟಿಯೂ ಅಲ್ಲ, ದ್ರವವೂ ಅಲ್ಲ. ಸ್ವಲ್ಪ ಕೊಬ್ಬು ಎಣ್ಣೆಯಾಗಿದ್ದು, ಉಳಿದದ್ದು ಸಣ್ಣ ಹರಳುಗಳಾಗಿ ಅದರೊಳಗೆ ಹರಡಿರುತ್ತದೆ. ಸಕ್ಕರೆಯ ಚೂಪು ಅಂಚುಗಳು ಈ ಮೆತ್ತನೆಯ ಬೆಣ್ಣೆಯನ್ನು ಸೀಳುತ್ತಾ ಗಾಳಿಯನ್ನು ಒಳಗೆಳೆಯುತ್ತವೆ, ಕೊಬ್ಬಿನ ಹರಳುಗಳು ಗುಳ್ಳೆಗಳ ಸುತ್ತ ಕೂತು ಅವನ್ನು ಕಾಯುತ್ತವೆ. ಕೈ ಬೀಟರಿನಲ್ಲಿ ಐದಾರು ನಿಮಿಷ ಬಡಿದರೆ ಹಳದಿ ಬೆಣ್ಣೆ ಬೆಳ್ಳಗಾಗುತ್ತದೆ, ಬಟ್ಟಲಿನಲ್ಲಿ ಏರುತ್ತದೆ. ಬಣ್ಣ ತಿಳಿಯಾದದ್ದೇ ಗಾಳಿ ಸೇರಿದ್ದಕ್ಕೆ ಸಾಕ್ಷಿ. ಸಕ್ಕರೆ ಕರಗುವ ತನಕ ಬಡಿಯಬೇಕು ಎಂದು ಕಾಯುವುದು ವ್ಯರ್ಥ. ಬೆಣ್ಣೆಯಲ್ಲಿ ನೀರಿರುವುದೇ ನೂರಕ್ಕೆ ಹದಿನಾರು ಪಾಲಿನಷ್ಟು, ಅಷ್ಟರಲ್ಲಿ ಅಷ್ಟೊಂದು ಸಕ್ಕರೆ ಕರಗುವುದಿಲ್ಲ.

ಮೊಟ್ಟೆ ಹಾಕುವಾಗ ನಿಜವಾದ ಪರೀಕ್ಷೆ. ನಾಲ್ಕು ಮೊಟ್ಟೆಗಳಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಅಷ್ಟನ್ನೂ ಬೆಣ್ಣೆಯೊಳಗೆ ಸಣ್ಣ ಹನಿಗಳಾಗಿ ಹಿಡಿಸಬೇಕು. ಹಳದಿ ಭಾಗದಲ್ಲಿರುವ ಲೆಸಿತಿನ್ ನೀರು, ಕೊಬ್ಬು ಎರಡಕ್ಕೂ ಅಂಟಿಕೊಂಡು ಇದನ್ನು ಸಾಧ್ಯವಾಗಿಸುತ್ತದೆ. ಆದರೆ ಫ್ರಿಜ್ಜಿನಿಂದ ತೆಗೆದ ತಣ್ಣನೆ ಮೊಟ್ಟೆಯನ್ನು ಹಾಕಿದರೆ ಬೆಣ್ಣೆ ಗಟ್ಟಿಯಾಗಿ, ನೀರನ್ನು ಹೊರದಬ್ಬುತ್ತದೆ. ಒಮ್ಮೆಗೇ ಸುರಿದರೂ ಅದೇ ಕಥೆ. ಹಿಟ್ಟು ನಿಂಬೆಹುಳಿ ಹಿಂಡಿದ ಹಾಲಿನಂತೆ ಒಡೆದು ಕಣಕಣವಾಗಿ ಕಾಣುತ್ತದೆ, ಹಿಡಿದ ಗಾಳಿಯಲ್ಲಿ ಒಂದಷ್ಟು ತಪ್ಪಿಹೋಗುತ್ತದೆ. ಒಡೆದ ಹಿಟ್ಟಿನಿಂದಲೂ ಕೇಕು ಆಗುತ್ತದೆ, ಎತ್ತರ ಮಾತ್ರ ಕಡಿಮೆ, ಒಳಮೈ ಒರಟು. ಮೊಟ್ಟೆಯನ್ನು ಹೊರಗಿಟ್ಟು ಬೆಚ್ಚಗಾದ ಮೇಲೆ, ಕದಡಿ, ಏಳೆಂಟು ಸಲಕ್ಕೆ ಹಂಚಿ ಹಾಕುವುದು ಇದಕ್ಕೇ. ಒಡೆಯುವ ಲಕ್ಷಣ ಕಂಡೊಡನೆ ಅಳತೆಯ ಮೈದಾದಿಂದಲೇ ಒಂದು ಚಮಚ ಉದುರಿಸಿದರೆ ಅದು ಬಿಡಿನೀರನ್ನು ಹೀರಿಕೊಂಡು ಹಿಟ್ಟನ್ನು ಉಳಿಸುತ್ತದೆ.

ಮೈದಾ ಬೆರೆಸುವ ಹೊತ್ತಿಗೆ ಗಾಳಿಯ ಕೆಲಸ ಮುಗಿದಿರುತ್ತದೆ. ಆಮೇಲೆ ಹೆಚ್ಚು ಗೊಟಾಯಿಸಿದರೆ ಗುಳ್ಳೆ ಒಡೆಯುತ್ತವೆ, ಮೈದಾದ ಪ್ರೋಟೀನು ನೀರು ಹೀರಿ ಗ್ಲೂಟೆನ್ ಎಂಬ ಜಿಗುಟು ಬಲೆ ನೇಯುತ್ತದೆ. ಬ್ರೆಡ್ಡಿಗೆ ಬೇಕಾದ ಈ ಬಲೆ ಕೇಕಿಗೆ ಬೇಡ.

ಆಲ್-ಇನ್-ಒನ್‌ನಲ್ಲಿ ಈ ಸಾಲುಸಾಲು ಹಂತಗಳಿಲ್ಲ. ಹಾಗಾದರೆ ಗಾಳಿ ಬರುವುದೆಲ್ಲಿಂದ? ಗಟ್ಟಿ ಬೆಣ್ಣೆಯನ್ನು ಮೊಟ್ಟೆ-ಮೈದಾಗಳ ನಡುವೆ ಬಡಿದರೆ ಅದು ಚೂರುಚೂರಾಗಿ ತೇಲುತ್ತದೆ. ಈ ವಿಧಾನ ಕೈಗೆ ಸುಲಭವಾದದ್ದು ಡಬ್ಬಿಯ ಮೆತ್ತನೆ ಮಾರ್ಗರೀನ್‌ನಿಂದಾಗಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಹರಡಬಹುದಾದಷ್ಟು ಅದು ಮೃದು. ಜೊತೆಗೆ ನೀರನ್ನೂ ಕೊಬ್ಬನ್ನೂ ಬೆಸೆಯುವ ಎಮಲ್ಸಿಫೈಯರ್‌ಗಳು ಅದರಲ್ಲೇ ಇರುತ್ತವೆ. ಹಾಗಾಗಿ ಮೊಟ್ಟೆ ಒಮ್ಮೆಗೇ ಬಿದ್ದರೂ ಹಿಟ್ಟು ಒಡೆಯುವುದಿಲ್ಲ. ಆದರೂ ಎರಡು ನಿಮಿಷದಲ್ಲಿ ಸೇರುವ ಗಾಳಿ ಕ್ರೀಮಿಂಗ್‌ನಷ್ಟಿಲ್ಲ. ಆ ಕೊರತೆಯನ್ನು ತುಂಬುವುದು ರಾಸಾಯನಿಕ. ಮೇರಿ ಬೆರಿಯವರ ಅಳತೆಯಲ್ಲಿ ನಾಲ್ಕು ಮೊಟ್ಟೆಗೆ ಉಳಿದ ಮೂರೂ 225 ಗ್ರಾಂ. ಬೇಕಿಂಗ್ ಪೌಡರ್ ಬೆರೆತೇ ಬರುವ ಸೆಲ್ಫ್ ರೈಸಿಂಗ್ ಹಿಟ್ಟನ್ನು ಬಳಸಿದರೂ, ಅದರ ಮೇಲೆ ಇನ್ನೂ ಎರಡು ಟೀ ಚಮಚ ಪುಡಿ ಹಾಕುತ್ತಾರೆ.

ಇಲ್ಲಿನ ಅಪಾಯ ಅತಿಯಾಗಿ ಬಡಿಯುವುದು. ಕ್ರೀಮಿಂಗ್‌ನಲ್ಲಿ ಬೆಣ್ಣೆ-ಸಕ್ಕರೆಯನ್ನು ಎರಡು ನಿಮಿಷ ಹೆಚ್ಚು ಬಡಿದರೂ ದೊಡ್ಡ ನಷ್ಟವಿಲ್ಲ. ಇಲ್ಲಿ ಮೈದಾ ಮೊದಲಿನಿಂದಲೇ ಬಟ್ಟಲಿನಲ್ಲಿದೆ. ಬಡಿದಷ್ಟೂ ಗ್ಲೂಟೆನ್ ಬಲಿಯುತ್ತದೆ. ಬೆಂದ ಕೇಕು ನಡುವೆ ಗೋಪುರದಂತೆ ಎದ್ದು ಬಿರಿದಿದ್ದರೆ, ಕತ್ತರಿಸಿದಾಗ ಕೆಳಗಿನಿಂದ ಮೇಲಕ್ಕೆ ಸುರಂಗದಂಥ ಉದ್ದ ತೂತುಗಳು ಕಂಡರೆ, ಹೆಚ್ಚು ಬಡಿದದ್ದೇ ಮುಖ್ಯ ಶಂಕಿತ. ಓವನ್ ಅತಿ ಬಿಸಿಯಿದ್ದರೂ ಗೋಪುರ ಏಳುತ್ತದೆ, ಆದರೆ ಆಗ ಅಂಚುಗಳು ಬೇಗ ಕಪ್ಪಾಗಿರುತ್ತವೆ.

ಓವನ್ನಿನೊಳಗೆ ಹೋದ ಮೇಲೆ ಎರಡೂ ಹಿಟ್ಟುಗಳ ದಾರಿ ಒಂದೇ. ಸುಮಾರು 35 ಡಿಗ್ರಿಯಲ್ಲಿ ಬೆಣ್ಣೆ ಕರಗಿ, ಅದು ಕಾದಿದ್ದ ಗುಳ್ಳೆಗಳು ಸುತ್ತಲಿನ ನೀರಿನಂಶಕ್ಕೆ ಬಿಡುಗಡೆಯಾಗುತ್ತವೆ. ಅಲ್ಲಿ ಅವನ್ನು ಸುತ್ತಿಕೊಳ್ಳುವುದು ಮೊಟ್ಟೆಯ ಪ್ರೋಟೀನು. ಆಮೇಲೆ ಗುಳ್ಳೆ ಹಿಗ್ಗುವುದಕ್ಕೂ ಗೋಡೆ ಗಟ್ಟಿಯಾಗುವುದಕ್ಕೂ ನಡುವೆ ಸಮಯ ಹೊಂದಬೇಕು. ಆ ಸಮಯವನ್ನು ನಿರ್ಧರಿಸುವುದು ಸಕ್ಕರೆ. ಸಕ್ಕರೆಯಿಲ್ಲದೆ ಮೊಟ್ಟೆಯೂ ಮೈದಾದ ಪಿಷ್ಟವೂ 60-70 ಡಿಗ್ರಿಯ ಹೊತ್ತಿಗೇ ಗಟ್ಟಿಯಾಗತೊಡಗುತ್ತವೆ. ಸಕ್ಕರೆ ನೀರನ್ನು ತನ್ನ ಕಡೆ ಹಿಡಿದಿಟ್ಟು ಆ ಘಟ್ಟವನ್ನು 80 ಡಿಗ್ರಿಯಾಚೆಗೆ ತಳ್ಳುತ್ತದೆ. ಅಷ್ಟು ಹೊತ್ತು ಹಿಟ್ಟು ದ್ರವವಾಗಿದ್ದು ಗುಳ್ಳೆಗಳು ನಿಧಾನವಾಗಿ ಬೆಳೆಯುತ್ತವೆ.

ಆರೋಗ್ಯದ ಕಾಳಜಿಯಿಂದ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದವರ ಕೇಕು ಗಟ್ಟಿಯಾಗಿ, ಒಣಗಿದಂತೆ ಬರುವುದು ಇದರಿಂದಲೇ: ರುಚಿಗಿಂತ ಮೊದಲು ರಚನೆ ಬದಲಾಗಿರುತ್ತದೆ. ಸಕ್ಕರೆ ಹೆಚ್ಚಾದರೆ ಗೋಡೆಗಳು ಗಟ್ಟಿಯಾಗುವುದೇ ತಡವಾಗಿ, ಉಬ್ಬಿದ ಕೇಕು ನಡುವೆ ಕುಸಿದು, ಮೇಲ್ಮೈ ಹೊಳೆಯುವ ಅಂಟುಪದರವಾಗುತ್ತದೆ. ಬೇಕಿಂಗ್ ಪೌಡರ್ ಅತಿಯಾದರೂ ನಡು ಕುಸಿಯುತ್ತದೆ, ಆದರೆ ಒಳಗೆ ತೂತುಗಳು ದೊಡ್ಡವಾಗಿದ್ದು ನಾಲಿಗೆಗೆ ಸಾಬೂನಿನ ಛಾಯೆ ತಾಗುತ್ತದೆ.

ಮೊಟ್ಟೆ ಮತ್ತು ಮೈದಾ ಕಟ್ಟುವ ಕಡೆಯವು, ಬೆಣ್ಣೆ ಮತ್ತು ಸಕ್ಕರೆ ಸಡಿಲಿಸುವ ಕಡೆಯವು. ಬೆಣ್ಣೆ ಮೈದಾದ ಕಣಗಳಿಗೆ ಲೇಪವಾಗಿ ಗ್ಲೂಟೆನ್ನನ್ನು ಚಿಕ್ಕದಾಗಿಸುತ್ತದೆ, ತುತ್ತು ಬಾಯಲ್ಲಿ ಕರಗುವುದು ಅದರಿಂದ. ಸಮತೂಕದ ಹಳೆಯ ನಿಯಮ ಈ ಎರಡು ಪಕ್ಷಗಳನ್ನು ಸರಿದೂಗಿಸುವುದರಿಂದಲೇ ಇಷ್ಟು ಕಾಲ ಉಳಿದಿದೆ. ಮೊಟ್ಟೆ ಮಾತ್ರ ಒಂದು ಹೆಚ್ಚು ಹಾಕಿದರೆ ಕೇಕು ಸ್ಪಂಜಿನಂತೆ ಎಳೆದು ಬರುತ್ತದೆ.

ಈ ಕೇಕನ್ನು ಕರ್ನಾಟಕದ ಅಡುಗೆಮನೆಯಲ್ಲಿ ಮಾಡುವವರು ಮೂರು ಕಡೆ ಲೆಕ್ಕ ಬದಲಿಸಬೇಕಾಗುತ್ತದೆ. ಇಲ್ಲಿನ ಮೊಟ್ಟೆ ಬ್ರಿಟನ್ನಿನ ದೊಡ್ಡ ಮೊಟ್ಟೆಗಿಂತ ಚಿಕ್ಕದು. ಪುಸ್ತಕದ 225 ಗ್ರಾಂ ನೋಡಿ ಉಳಿದದ್ದನ್ನು ತೂಗಿದರೆ ಕಟ್ಟುವ ಪಕ್ಷ ಸೋಲುತ್ತದೆ. ಮೊಟ್ಟೆಯನ್ನೇ ಮೊದಲು ತೂಗಿ, ನಾಲ್ಕಕ್ಕೆ 210 ಗ್ರಾಂ ಬಂದರೆ ಎಲ್ಲವೂ 210 ಗ್ರಾಂ. ಎರಡನೆಯದು ಸಕ್ಕರೆ. ಅಂಗಡಿಯ ಹರಳು ದಪ್ಪ, ಮಿಕ್ಸಿಯ ಪುಡಿಗೆ ಅಂಚೇ ಇಲ್ಲ. ಕ್ರೀಮಿಂಗ್‌ಗಾದರೆ ಮಿಕ್ಸಿಯನ್ನು ಎರಡು ಮೂರು ಸಲ ಮಾತ್ರ ತಿರುಗಿಸಿ, ಚಿರೋಟಿ ರವೆಯಷ್ಟು ತರಿ ಉಳಿಸಿಕೊಳ್ಳಬೇಕು.

ಮೂರನೆಯದು ಸೆಖೆ, ಅದೇ ಎಲ್ಲಕ್ಕಿಂತ ದೊಡ್ಡದು. ಏಪ್ರಿಲಿನಲ್ಲಿ ಮಂಗಳೂರಿನ ಅಡುಗೆಕಟ್ಟೆಯ ಮೇಲಿಟ್ಟ ಬೆಣ್ಣೆ ಕರಗುವ ಅಂಚಿನಲ್ಲಿರುತ್ತದೆ. ಹರಳು ಉಳಿಯದ ಬೆಣ್ಣೆ ಎಷ್ಟು ಬಡಿದರೂ ಬೆಳ್ಳಗಾಗದು, ಎಣ್ಣೆಯಂತೆ ಹೊಳೆಯುತ್ತದೆ. ಬೆಂದ ಮೇಲೆ ತಳದಲ್ಲಿ ಜಿಡ್ಡಿನ ಗಟ್ಟಿ ಪದರ ಕೂರುತ್ತದೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಎಣ್ಣೆ ಅಂಟಬಾರದು, ಅದು ಹದ. ಬಡಿಯುವಾಗ ಹೊಳಪು ಕಂಡರೆ ಬಟ್ಟಲನ್ನೇ ಐದು ನಿಮಿಷ ಫ್ರಿಜ್ಜಿನಲ್ಲಿಟ್ಟು ಮತ್ತೆ ಬಡಿಯಬಹುದು. ಅಷ್ಟೂ ಆಗದ ದಿನ ಆಲ್-ಇನ್-ಒನ್ ಒಳ್ಳೆಯ ಆಯ್ಕೆ. ಬೆಣ್ಣೆ ತೀರ ಮೆತ್ತಗಿದ್ದರೂ ಅದು ನಡೆಯುತ್ತದೆ, ಮೈದಾಕ್ಕೆ ಮಾಮೂಲಿಗಿಂತ ಒಂದು ಟೀ ಚಮಚ ಬೇಕಿಂಗ್ ಪೌಡರ್ ಹೆಚ್ಚು ಸೇರಿಸಿ ಎರಡು ನಿಮಿಷಕ್ಕೆ ಬೀಟರ್ ನಿಲ್ಲಿಸಬೇಕು. ಒಳಮೈ ಕ್ರೀಮಿಂಗ್ ಕೇಕಿನಷ್ಟು ನಯವಾಗಿರುವುದಿಲ್ಲ, ತುಸು ಉದುರುತ್ತದೆ. ಕಪ್ಪು ಹೊತ್ತಿಗೆ ತಿನ್ನುವ ಚಾಕಲೇಟ್ ಕೇಕಿಗೋ ಕಿತ್ತಳೆ ಸಿಪ್ಪೆಯ ಕೇಕಿಗೋ ಅದು ಸಾಕು. ಜ್ಯಾಮ್ ಹಚ್ಚಿ ತೆಳುವಾಗಿ ಕತ್ತರಿಸಬೇಕಾದ ವಿಕ್ಟೋರಿಯಾಕ್ಕೆ, ಬೆಳಗಿನ ತಂಪಿನಲ್ಲಿ ಬೆಣ್ಣೆ ಬಡಿಯುವ ಶ್ರಮ ಪಡುವುದೇ ಒಳ್ಳೆಯದು.